ಟಿಕೆಟ್ ಕೈಯಲ್ಲಿದೆ, ಟ್ರಾವೆಲ್ಸ್‌ನವರು "ನಿಮ್ಮ ಹೆಸರೇ ಇಲ್ಲ" ಅಂತಾರೆ. ಫೋನ್ ಮಾಡಿ ಏನೇನು ಕೇಳಬೇಕು?

ದೂರದೂರ_ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮ, ದೊಡ್ಡಮ್ಮ ಮತ್ತು ದೊಡ್ಡಮ್ಮನ ಮೊಮ್ಮಗ, ನಾಲ್ಕು ಜನಕ್ಕೆ ಸ್ಲೀಪರ್ ಬಸ್ ಬುಕ್ ಮಾಡಿದ್ದೇನೆ. ನಾಳೆ ಶುಕ್ರವಾರ ರಾತ್ರಿ ಹೊರಡಬೇಕು. ನಾನು ಬೇರೆ ಊರಲ್ಲಿದ್ದೇನೆ, ಅವರ ಜೊತೆ ಹೋಗುತ್ತಿಲ್ಲ. ದೊಡ್ಡಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ನಾಲ್ಕು ಹೆಜ್ಜೆ ನಡೆಯುತ್ತಾರೆ, ಅದಕ್ಕಿಂತ ಜಾಸ್ತಿ ಆದರೆ ಮಡಚುವ ಗಾಲಿಕುರ್ಚಿ ಬೇಕು.

ಟಿಕೆಟ್‌ನಲ್ಲಿ ಹತ್ತುವ ಸಮಯ ಶನಿವಾರ 12:10 AM ಅಂತಿದೆ. ಸೀಟು L5, L6, L7 ಮತ್ತು U7. ಒಂದು ಸಲ ಕೇಳಿಬಿಡೋಣ ಅಂತ ಇವತ್ತು ಬೆಳಿಗ್ಗೆ ಟ್ರಾವೆಲ್ಸ್ ಆಫೀಸಿಗೆ ಫೋನ್ ಮಾಡಿದೆ. "ಯಾವ ದಿನ?" ಅಂದರು. "ಶನಿವಾರ" ಅಂದೆ. ಟಿಕೆಟ್ ನಂಬರ್ ಓದಿ ಹೇಳಿದೆ. "ಈ ನಂಬರೂ ಇಲ್ಲ, ಹೆಸರೂ ಇಲ್ಲ" ಅಂತ ಹೇಳಿ ಇಟ್ಟರು. ಹಣ ಹೋಗಿದೆ, ಆ್ಯಪ್‌ನಲ್ಲಿ ಟಿಕೆಟ್ ಖಚಿತ ಅಂತ ತೋರಿಸುತ್ತಿದೆ. ಈಗ ಯಾರನ್ನು ಕೇಳಲಿ? ಮತ್ತೆ ಫೋನ್ ಮಾಡಿದರೆ ಏನೇನು ಕೇಳಬೇಕು? ಲಗೇಜ್ ಕೂಡ ಜಾಸ್ತಿ ಇದೆ: ಮೂರು ಸೂಟ್‌ಕೇಸ್, ಒಂದು ರಟ್ಟಿನ ಪೆಟ್ಟಿಗೆ, ಗಾಲಿಕುರ್ಚಿ.

ನಿದ್ದೆಪ್ರಿಯ

ಆ್ಯಪ್‌ನಲ್ಲಿ ಖಚಿತ ಅಂತ ಬಂದಿದ್ದರೆ ಮುಗೀತು ಅಕ್ಕ. ಸೀಟು ನಿಮ್ಮ ಹೆಸರಿಗೆ ಲಾಕ್ ಆಗಿರುತ್ತದೆ, ಅದನ್ನು ಬೇರೆಯವರಿಗೆ ಕೊಡೋಕೆ ಬರಲ್ಲ. ಸುಮ್ನೆ ಫೋನ್ ಮಾಡಿ ತಲೆ ಕೆಡಿಸಿಕೊಳ್ಳಬೇಡಿ. ನಾನು ಯಾವತ್ತೂ ಫೋನ್ ಮಾಡಲ್ಲ. ಹತ್ತು ನಿಮಿಷ ಮೊದಲು ಹೋಗಿ ನಿಲ್ಲುತ್ತೇನೆ, ಬಸ್ ಬರುತ್ತದೆ, ಹತ್ತುತ್ತೇನೆ.

ಎರಡನೇ_ಗೇರ್

ಡ್ರೈವರ್ ನಂಬರ್ ಇನ್ನೂ ಬಂದಿಲ್ವಾ? ನಾನೇ ಕ್ಯಾಬ್ ಓಡಿಸುವವನು. ಮಧ್ಯರಾತ್ರಿ ಪಿಕಪ್ ಇದ್ದರೆ ಹಿಂದಿನ ದಿನ ಸಂಜೆಯೇ ಗಾಡಿ ನಂಬರ್ ಮತ್ತು ಡ್ರೈವರ್ ನಂಬರ್ ಕೊಡಬೇಕು ಅಂತ ಕೇಳಿ. ಕೊಡದಿದ್ದರೆ ಬೇರೆ ಗಾಡಿ ನೋಡಿಕೊಳ್ಳಿ. ನಾಲ್ಕು ಜನ ಮತ್ತು ಅಷ್ಟು ಲಗೇಜ್ ಅಂದರೆ ಸಣ್ಣ ಕಾರಿನಲ್ಲಿ ಆಗಲ್ಲ, ದೊಡ್ಡ ಗಾಡಿ ಹೇಳಿ.

ದೂರದೂರ_ಮಗಳು

ಅಣ್ಣಾ, ಇದು ಬಸ್. ಆದರೆ ನಿಮ್ಮ ಮಾತು ಉಪಯೋಗಕ್ಕೆ ಬರುತ್ತದೆ. ಬಸ್ಸಿಂದ ಇಳಿದ ಮೇಲೆ ಮನೆಗೆ ಹೋಗಲು ಅದೇ ಟ್ರಾವೆಲ್ಸ್ ಮೂಲಕ ಕ್ಯಾಬ್ ಕೂಡ ಹೇಳಿದ್ದೇನೆ. ಅದರ ಬಗ್ಗೆ ಆಮೇಲೆ ಕೇಳುತ್ತೇನೆ.

ಹಳೇ_ಕೌಂಟರ್

ಮೇಡಂ, ಗಾಬರಿ ಬೇಡ. ನಾನು ಬಹಳ ಕಾಲ ಟ್ರಾವೆಲ್ಸ್ ಕೌಂಟರ್‌ನಲ್ಲಿ ಕೂತು ಚಾರ್ಟ್ ತೆಗೆದವನು. ನಿಮ್ಮ ಹೆಸರು ಇದೆ. ಅವರು ನೋಡಿದ್ದು ಬೇರೆ ದಿನದ ಚಾರ್ಟ್ ಅಂತ ನನಗೆ ಅನ್ನಿಸುತ್ತದೆ.

ಹೇಗೆ ಅಂದರೆ, ಬಸ್ಸಿನ ಚಾರ್ಟ್ ತಯಾರಾಗುವುದು ಅದು ಮೊದಲ ಪಾಯಿಂಟ್ ಬಿಡುವ ದಿನದ ಲೆಕ್ಕದಲ್ಲಿ. ನಿಮ್ಮ ಬಸ್ ಮೊದಲ ಪಾಯಿಂಟ್ ಬಿಡುವುದು ಶುಕ್ರವಾರ ರಾತ್ರಿ. ನಿಮ್ಮ ಪಾಯಿಂಟ್‌ಗೆ ಬರುವ ಹೊತ್ತಿಗೆ 12 ದಾಟಿ ಶನಿವಾರ ಆಗಿರುತ್ತದೆ. ಟಿಕೆಟ್ ಮಾರಿದ ಆ್ಯಪ್ ನೀವು ಹತ್ತುವ ದಿನ ಹಾಕಿದೆ, ಅಂದರೆ ಶನಿವಾರ. ಆಫೀಸಿನವರಿಗೆ ಅದೇ ಪ್ರಯಾಣ ಶುಕ್ರವಾರದ ಬಸ್. ನೀವು "ಶನಿವಾರ" ಅಂದ ತಕ್ಷಣ ಅವರು ಶನಿವಾರ ರಾತ್ರಿ ಬಿಡುವ ಬಸ್ಸಿನ ಚಾರ್ಟ್ ತೆಗೆದಿದ್ದಾರೆ. ಅದರಲ್ಲಿ ನಿಮ್ಮವರ ಹೆಸರು ಎಲ್ಲಿಂದ ಬರಬೇಕು?

ಮತ್ತೆ ಫೋನ್ ಮಾಡಿ ಹೀಗೆ ಹೇಳಿ: "ಶುಕ್ರವಾರ ರಾತ್ರಿ ಮೊದಲ ಪಾಯಿಂಟ್ ಬಿಡುವ ಬಸ್, ನಮ್ಮ ಪಾಯಿಂಟ್‌ಗೆ ರಾತ್ರಿ 12:10ಕ್ಕೆ ಬರುವುದು, ಅಂದರೆ ಶುಕ್ರವಾರ ಮುಗಿದು ಶನಿವಾರ ಶುರುವಾಗುವ ರಾತ್ರಿ." ಉದ್ದ ಆಯಿತು ಅನ್ನಿಸಿದರೂ ಪೂರ್ತಿ ಹೇಳಿ. ಬರೀ ತಾರೀಖು ಹೇಳಿದರೆ ಇಬ್ಬರೂ ಬೇರೆ ಬೇರೆ ರಾತ್ರಿ ನೆನೆದುಕೊಂಡು ಮಾತು ಮುಗಿಸುತ್ತೀರಿ.

ಎರಡನೆಯದು ನಂಬರ್. ಆ್ಯಪ್ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಎರಡು ನಂಬರ್ ಇರುತ್ತವೆ. ಒಂದು ಆ್ಯಪ್‌ನವರ ಟಿಕೆಟ್ ನಂಬರ್. ಇನ್ನೊಂದು ಟ್ರಾವೆಲ್ಸ್‌ನವರ ಪಿಎನ್‌ಆರ್. ಆಫೀಸಿನ ಕಂಪ್ಯೂಟರ್‌ನಲ್ಲಿ ಹುಡುಕಿದರೆ ಸಿಗುವುದು ಎರಡನೆಯದು. ಬೆಳಿಗ್ಗೆ ನೀವು ಓದಿದ್ದು ಯಾವುದು, ನೋಡಿ.

ದೂರದೂರ_ಮಗಳು

ಸರ್, ಮೇಲೆ ದಪ್ಪ ಅಕ್ಷರದಲ್ಲಿ ಇದ್ದದ್ದನ್ನು ಓದಿದ್ದೆ. ಕೆಳಗೆ ಸಣ್ಣದಾಗಿ ಪಿಎನ್‌ಆರ್ ಅಂತ ಬೇರೆ ಇದೆ. ಬಸ್ ಮೊದಲ ಪಾಯಿಂಟ್ ಬಿಡುವುದು 10:15 PM ಅಂತಲೂ ಇದೆ. ಈಗಲೇ ಫೋನ್ ಮಾಡುತ್ತೇನೆ.

ಕಿಟಕಿ_ಪಕ್ಕ

ಈ 12 ಗಂಟೆ ವಿಷಯ ತುಂಬಾ ಜನರಿಗೆ ತೊಂದರೆ ಕೊಡುತ್ತದೆ. ನನಗೆ ಉಲ್ಟಾ ಆಗಿತ್ತು. ಒಂದು ಟ್ರಾವೆಲ್ಸ್‌ನವರು ಟಿಕೆಟ್‌ನಲ್ಲಿ ಬಸ್ ಬಿಡುವ ದಿನ ಮಾತ್ರ ಹಾಕಿ, ಪಕ್ಕದಲ್ಲಿ ನನ್ನ ಪಾಯಿಂಟ್‌ನ 12:40 AM ಬರೆದಿದ್ದರು. ಎರಡನ್ನೂ ಸೇರಿಸಿ ಓದಿದರೆ ಬಸ್ ಒಂದು ದಿನ ಮೊದಲೇ ಬರುತ್ತದೆ ಅನ್ನಿಸುತ್ತಿತ್ತು. ಹೋಗಿ ನಿಂತೆ, ಬಸ್ ಇಲ್ಲ. ಆಫೀಸಿಗೆ ಫೋನ್ ಮಾಡಿದರೆ "ಸರ್, ನಿಮ್ಮದು ನಾಳೆ ರಾತ್ರಿ" ಅಂದರು. ಒಂದು ದಿನ ಮುಂಚೆ ಹೋಗಿದ್ದರಿಂದ ಬಚಾವ್. ಒಂದು ದಿನ ತಡ ಆಗಿದ್ದರೆ ಹಣ ಹೋಗುತ್ತಿತ್ತು.

ಟಿಕೆಟ್‌ನಲ್ಲಿ ತಲುಪುವ ದಿನ ಮತ್ತು ಸಮಯ ಇದ್ದರೆ ಅದನ್ನೂ ನೋಡಿ. ಅದರಿಂದ ಹಿಂದಕ್ಕೆ ಪ್ರಯಾಣದ ಗಂಟೆ ಕಳೆದರೆ ಯಾವ ರಾತ್ರಿ ಅಂತ ಗೊತ್ತಾಗುತ್ತದೆ.

ಹಳೇ_ಕೌಂಟರ್

ತಲುಪುವ ಸಮಯದಿಂದ ಲೆಕ್ಕ ಹಾಕುವುದು ಒಳ್ಳೆಯ ದಾರಿ. ಅಲ್ಲಿ ದಿನ ತಪ್ಪಾಗುವುದು ಕಡಿಮೆ, ಯಾಕಂದರೆ ತಲುಪುವುದು ಬೆಳಿಗ್ಗೆ.

ದೂರದೂರ_ಮಗಳು

ಸಿಕ್ಕಿತು! ಶುಕ್ರವಾರದ ಚಾರ್ಟ್‌ನಲ್ಲಿ ನಾಲ್ಕೂ ಹೆಸರು ಇದೆ ಸರ್. ಪಿಎನ್‌ಆರ್ ಹೇಳಿದ ತಕ್ಷಣ ಅವರೇ ಹೆಸರು ಓದಿದರು. ತುಂಬಾ ಥ್ಯಾಂಕ್ಸ್. ಆದರೆ ಫೋನ್ ಇಡುವ ಮುಂಚೆ ಆಫೀಸಿನವರು "ಗಾಡಿ ಬದಲಾಗಬಹುದು, ಸೀಟು ನಂಬರ್ ಅದೇ ಇರುತ್ತೆ" ಅಂದರು. ನಂಬರ್ ಅದೇ ಇದ್ದರೆ ಸಾಕಲ್ವಾ?

ನಿದ್ದೆಪ್ರಿಯ

ಸಾಕು. L ಅಂದರೆ ಕೆಳಗಿನದು, U ಅಂದರೆ ಮೇಲಿನದು. L5 ಯಾವ ಗಾಡಿಯಲ್ಲಿದ್ದರೂ ಕೆಳಗೇ ಇರುತ್ತದೆ.

ಹಳೇ_ಕೌಂಟರ್

ಕೆಳಗೆ ಇರುತ್ತದೆ ಅನ್ನುವುದು ನಿಜ. ಆದರೆ ಕೆಳಗೆ ಎಲ್ಲಿ ಅನ್ನುವುದು ಗಾಡಿಯ ಮೇಲೆ ಹೋಗುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ವಯಸ್ಸಾದವರಿಗೆ ಕಷ್ಟ ಆಗುವುದು ಇಲ್ಲೇ.

30 ಬರ್ತ್ ಇರುವ ಸ್ಲೀಪರ್ ತೆಗೆದುಕೊಳ್ಳಿ. ಒಂದು ಕಡೆ ಜೋಡಿ ಬರ್ತ್, ಇನ್ನೊಂದು ಕಡೆ ಒಂಟಿ ಬರ್ತ್, ನಡುವೆ ಓಡಾಡುವ ಜಾಗ. ಐದು ಸಾಲು. ಕೆಳಗೆ 15, ಮೇಲೆ 15. ನಂಬರ್ ಹಾಕುವುದಕ್ಕೆ ಎಲ್ಲರೂ ಒಪ್ಪಿದ ಒಂದೇ ಪದ್ಧತಿ ಇಲ್ಲ. ಕೆಲವು ಗಾಡಿಯಲ್ಲಿ ಸಾಲು ಸಾಲಾಗಿ ಹಾಕುತ್ತಾರೆ: ಮೊದಲ ಸಾಲಿನ ಒಂಟಿ L1, ಜೋಡಿ L2 L3. ಎರಡನೇ ಸಾಲಿನ ಒಂಟಿ L4, ಜೋಡಿ L5 L6. ಮೂರನೇ ಸಾಲಿನ ಒಂಟಿ L7. ನೀವು ಬುಕ್ ಮಾಡುವಾಗ ಚಿತ್ರದಲ್ಲಿ ನೋಡಿದ್ದು ಇದೇ ಅಲ್ವಾ? ಅಪ್ಪ ಅಮ್ಮ ಜೋಡಿಯಲ್ಲಿ, ದೊಡ್ಡಮ್ಮ ಒಂಟಿಯಲ್ಲಿ, ಅವರ ಮೇಲೆ ಹುಡುಗ.

ಇನ್ನು ಕೆಲವು ಗಾಡಿಯಲ್ಲಿ ಒಂಟಿ ಬರ್ತ್‌ಗಳಿಗೆಲ್ಲ ಮೊದಲು ನಂಬರ್ ಹಾಕಿ ಮುಗಿಸುತ್ತಾರೆ. ಮುಂದಿನಿಂದ ಹಿಂದಕ್ಕೆ L1ರಿಂದ L5. ಆಮೇಲೆ ಜೋಡಿ ಶುರು: ಮೊದಲ ಸಾಲು L6 L7, ಎರಡನೆಯದು L8 L9, ಹೀಗೆ. ಈ ಗಾಡಿ ಬಂದರೆ ನಿಮ್ಮ L5 ಕೊನೇ ಸಾಲಿನ ಒಂಟಿ ಬರ್ತ್. ಹಿಂದೆ ಕುಲುಕಾಟ ಜಾಸ್ತಿ. L6 ಮತ್ತು L7 ಮೊದಲ ಸಾಲಿನ ಜೋಡಿ. ಅಂದರೆ ಅಪ್ಪ ಅಮ್ಮ ಬೇರೆ ಬೇರೆ ಆಗುತ್ತಾರೆ.

ನಂಬರ್ ಒಂದೂ ಬದಲಾಗಿಲ್ಲ, ಕಾಗದದ ಮೇಲೆ ಎಲ್ಲ ಸರಿ ಇದೆ. ಹಾಗಾಗಿ ಫೋನ್‌ನಲ್ಲಿ "L7 ಖಚಿತಾನಾ?" ಅಂತ ಕೇಳಬೇಡಿ. "L7 ಕೆಳಗಿನ ಒಂಟಿ ಬರ್ತಾ, ಬಾಗಿಲಿನಿಂದ ಎಷ್ಟನೇ ಸಾಲು?" ಅಂತ ಕೇಳಿ.

ದೂರದೂರ_ಮಗಳು

ಹೌದು ಸರ್, ಚಿತ್ರದಲ್ಲಿ ನೋಡಿದ್ದು ನೀವು ಮೊದಲು ಹೇಳಿದ ತರಹವೇ. ಟಿಕೆಟ್‌ನಲ್ಲಿ L5 ಅಮ್ಮನ ಹೆಸರಲ್ಲಿ, L6 ಅಪ್ಪನ ಹೆಸರಲ್ಲಿದೆ. ಎರಡನೇ ತರಹದ ಗಾಡಿ ಬಂದರೆ ಅಮ್ಮ ಹಿಂದೆ ಒಬ್ಬರೇ ಆಗುತ್ತಾರೆ, ದೊಡ್ಡಮ್ಮನ ಪಕ್ಕ ಅಪ್ಪ!

ಹಳೇ_ಕೌಂಟರ್

ಹಾಗಾದರೆ ಅಪ್ಪ ಹಿಂದಿನ L5ಗೆ ಹೋಗಲಿ, ಅಮ್ಮ ದೊಡ್ಡಮ್ಮನ ಜೊತೆ ಮುಂದಿನ ಜೋಡಿಯಲ್ಲಿ ಮಲಗಲಿ. ಒಂದೇ ಟಿಕೆಟ್‌ನ ಒಳಗೆ ಮನೆಯವರು ಅದಲುಬದಲು ಮಾಡಿಕೊಂಡರೆ ಕಂಡಕ್ಟರ್ ಏನೂ ಹೇಳಲ್ಲ. ಒಂದು ಲೆಕ್ಕದಲ್ಲಿ ನಿಮಗೆ ಅನುಕೂಲವೇ. ದೊಡ್ಡಮ್ಮನಿಗೆ ಮೊದಲ ಸಾಲು ಸಿಗುತ್ತದೆ, ನಡೆಯುವುದು ಕಡಿಮೆ. ಈಗಲೇ ಮನೆಯಲ್ಲಿ ಹೇಳಿಟ್ಟರೆ ಅರ್ಧ ರಾತ್ರಿಯಲ್ಲಿ ಬಸ್ ಒಳಗೆ ಗೊಂದಲ ಆಗಲ್ಲ.

ಬೇರೆಯವರ ಜೊತೆ ಜೋಡಿ ಹಂಚಿಕೊಳ್ಳುವ ಪರಿಸ್ಥಿತಿ ಬಂದರೆ ಮಾತ್ರ ಬಸ್ ಹೊರಡುವ ಮುಂಚೆಯೇ ಆಫೀಸಿಗೆ ಹೇಳಿ ಬದಲಾಯಿಸಿಕೊಳ್ಳಬೇಕು. ಆಮೇಲೆ ಕಂಡಕ್ಟರ್ ಕೈಯಲ್ಲಿ ಖಾಲಿ ಬರ್ತ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿದ್ದೆಪ್ರಿಯ

ಇದು ನನಗೆ ಗೊತ್ತಿರಲಿಲ್ಲ. ನಾನು ಒಬ್ಬನೇ ಓಡಾಡುವವನು, ಎಲ್ಲಿ ಕೊಟ್ಟರೂ ಮಲಗುತ್ತೇನೆ. ಆದರೂ ಒಂದು ಪ್ರಶ್ನೆ ಸರ್. ಗಾಡಿ ಅದೇ ದಿನ ಸಂಜೆ ಬದಲಾದರೆ ಇವತ್ತು ಕೇಳಿ ಏನು ಪ್ರಯೋಜನ?

ಹಳೇ_ಕೌಂಟರ್

ಒಪ್ಪುತ್ತೇನೆ, ಅದಕ್ಕೇ ಎರಡು ಸಲ ಫೋನ್ ಮಾಡಬೇಕು. ಇವತ್ತಿನ ಫೋನ್ ಚಾರ್ಟ್‌ನಲ್ಲಿ ಬರೆಸುವುದಕ್ಕೆ. ಯಾವ ರಾತ್ರಿ, ಯಾವ ಪಾಯಿಂಟ್, ಯಾರ ನಂಬರ್, ಗಾಲಿಕುರ್ಚಿ ಇದೆ ಅನ್ನುವುದು. ಚಾರ್ಟ್ ಡ್ರೈವರ್ ಕೈಗೆ ಹೋದ ಮೇಲೆ ಆಫೀಸಿನವರು ಬರೆದದ್ದು ಅವರಿಗೆ ಕಾಣದೇ ಇರಬಹುದು. ನಾಳೆ ಸಂಜೆಯ ಫೋನ್ ಗಾಡಿ ನಂಬರ್ ಮತ್ತು ಬರ್ತ್ ಜಾಗ ಕೇಳುವುದಕ್ಕೆ. ಬಸ್ ಮೊದಲ ಪಾಯಿಂಟ್ ಬಿಡುವ ಒಂದೆರಡು ಗಂಟೆ ಮುಂಚೆ ಮಾಡಿ. ಇವತ್ತೇ ಡ್ರೈವರ್ ನಂಬರ್ ಕೊಡಿ ಅಂದರೆ ಅವರ ಹತ್ತಿರವೂ ಇರಲ್ಲ. ಯಾವ ಡ್ರೈವರ್ ಯಾವ ಗಾಡಿ ಅನ್ನುವುದು ಅವತ್ತೇ ತೀರ್ಮಾನ ಆಗುತ್ತದೆ.

ಎರಡನೇ_ಗೇರ್

ಕ್ಯಾಬ್‌ನಲ್ಲೂ ಹಾಗೇ, ಹಿಂದಿನ ಸಂಜೆ ಕೊಟ್ಟ ನಂಬರ್ ಬೆಳಿಗ್ಗೆ ಬದಲಾಗುವುದು ಉಂಟು. ನಾನು ಮೇಲೆ ಹೇಳಿದ್ದು ಗಟ್ಟಿ ನಿಯಮ ಅಲ್ಲ.

ಸಂಜೆ_ಪಯಣ

ಪಿಕಪ್ ಪಾಯಿಂಟ್ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಕಷ್ಟ ಆಗುವುದು ಅಲ್ಲೇ. ಟಿಕೆಟ್‌ನಲ್ಲಿ ಒಂದು ಸರ್ಕಲ್ ಹೆಸರು ಇರುತ್ತದೆ. ಆ ಸರ್ಕಲ್‌ನಲ್ಲಿ ನಾಲ್ಕು ರಸ್ತೆ, ಮೇಲೆ ಒಂದು ಫ್ಲೈಓವರ್. ಮ್ಯಾಪ್ ಒತ್ತಿದರೆ ರಸ್ತೆ ಮಧ್ಯಕ್ಕೆ ಕರೆದುಕೊಂಡು ಹೋಗುತ್ತದೆ.

ದೂರದೂರ_ಮಗಳು

ನಮ್ಮದೂ ಫ್ಲೈಓವರ್ ಇರುವ ಸರ್ಕಲ್ಲೇ. ಅಪ್ಪ "ನನಗೆ ಗೊತ್ತು ಬಿಡು" ಅನ್ನುತ್ತಾರೆ. ಅವರಿಗೆ ಗೊತ್ತಿರುವುದು ಹಗಲು ಹೊತ್ತಿನ ಸಿಟಿ ಬಸ್ ಸ್ಟಾಪ್.

ಹಳೇ_ಕೌಂಟರ್

ಸಿಟಿ ಬಸ್ ಸ್ಟಾಪ್‌ನಲ್ಲಿ ಈ ಬಸ್ ನಿಲ್ಲುತ್ತದೆ ಅಂತ ಅಂದುಕೊಳ್ಳಬೇಡಿ. ಉದ್ದದ ಗಾಡಿ, ಡಿಕ್ಕಿ ತೆಗೆದು ಲಗೇಜ್ ಹಾಕಬೇಕು. ಡ್ರೈವರ್ ಸ್ವಲ್ಪ ಮುಂದೆ ಅಗಲ ಇರುವ ಕಡೆ ನಿಲ್ಲಿಸುತ್ತಾನೆ.

ಆಫೀಸಿಗೆ ಹೀಗೆ ಕೇಳಿ. ಬಸ್ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ? ಇದು ಗೊತ್ತಾದರೆ ರಸ್ತೆಯ ಯಾವ ಬದಿ ಅಂತ ತಾನಾಗಿ ಗೊತ್ತಾಗುತ್ತದೆ. "ಎಡಕ್ಕೆ, ಬಲಕ್ಕೆ" ಅಂತ ಕೇಳಬೇಡಿ. ಹೇಳುವವನು ಯಾವ ಕಡೆ ಮುಖ ಮಾಡಿ ಹೇಳುತ್ತಿದ್ದಾನೆ ಅಂತ ನಿಮಗೆ ಗೊತ್ತಾಗಲ್ಲ. ಆಮೇಲೆ, ಬಸ್ ಫ್ಲೈಓವರ್ ಮೇಲೆ ಹೋಗುತ್ತದಾ, ಕೆಳಗಿನ ಸರ್ವಿಸ್ ರಸ್ತೆಗೆ ಇಳಿಯುತ್ತದಾ? ಮೇಲೆ ಹೋಗುವುದಾದರೆ ಅದು ಇಳಿಯುವ ಜಾಗದ ಆಚೆ ನಿಲ್ಲಬೇಕು. ಗಾಲಿಕುರ್ಚಿ ಇಟ್ಟುಕೊಂಡು ಅಷ್ಟು ದೂರ ಓಡಲು ಆಗಲ್ಲ. ಕೊನೆಗೆ ಒಂದು ಗುರುತು ಕೇಳಿ, ರಾತ್ರಿ 12 ಗಂಟೆಗೆ ಕಾಣುವ ಗುರುತು. ಅಂಗಡಿ ಹೆಸರು ಹೇಳಿದರೆ ಆ ಹೊತ್ತಿಗೆ ಷಟರ್ ಎಳೆದಿರುತ್ತಾರೆ, ಬೋರ್ಡ್‌ನ ಲೈಟೂ ಇರಲ್ಲ. ರಾತ್ರಿಯಿಡೀ ತೆರೆದಿರುವ ಪೆಟ್ರೋಲ್ ಬಂಕ್, ಆಸ್ಪತ್ರೆ, ಎಟಿಎಂ, ಇಂಥದ್ದು ಹೇಳಿ ಅನ್ನಿ.

ಇನ್ನೊಂದು ಮಾತು. ಕೆಲವು ಪಾಯಿಂಟ್‌ಗೆ ದೊಡ್ಡ ಬಸ್ ಬರುವುದೇ ಇಲ್ಲ. ಸಣ್ಣ ವ್ಯಾನ್ ಬಂದು ಜನರನ್ನು ಕರೆದುಕೊಂಡು ಹೋಗಿ ಮುಖ್ಯ ರಸ್ತೆಯಲ್ಲಿ ಬಸ್‌ಗೆ ಹತ್ತಿಸುತ್ತದೆ. ಆಗ ದೊಡ್ಡಮ್ಮ ಎರಡು ಸಲ ಹತ್ತಬೇಕು, ಒಂದು ಸಲ ಇಳಿಯಬೇಕು. ಲಗೇಜ್ ಕೂಡ ಎರಡು ಸಲ ಎತ್ತಬೇಕು. ವ್ಯಾನೋ ಬಸ್ಸೋ ಅಂತ ಕೇಳಿಯೇ ಕೇಳಿ. ವ್ಯಾನ್ ಅಂದರೆ ಬಸ್ ನೇರವಾಗಿ ಬರುವ ಪಕ್ಕದ ಪಾಯಿಂಟ್‌ಗೆ ಬದಲಾಯಿಸಿಕೊಳ್ಳಿ. ಬಾಯಲ್ಲಿ "ಅಲ್ಲಿ ಹತ್ತುತ್ತೇವೆ" ಅಂದರೆ ಸಾಲದು, ಚಾರ್ಟ್‌ನಲ್ಲಿ ಪಾಯಿಂಟ್ ಬದಲಾಗಬೇಕು. ಡ್ರೈವರ್ ಪಾಯಿಂಟ್ ಪ್ರಕಾರ ತಲೆ ಎಣಿಸುತ್ತಾನೆ. ಹೆಸರು ಇಲ್ಲದ ಪಾಯಿಂಟ್‌ನಲ್ಲಿ ಅವನು ನಿಲ್ಲಿಸದೇ ಹೋಗಬಹುದು.

ಕಿಟಕಿ_ಪಕ್ಕ

ಮತ್ತು ಹಿಂದಿನ ಪಾಯಿಂಟ್ ಯಾವುದು ಅಂತ ಕೇಳಿಟ್ಟುಕೊಳ್ಳಿ. ಬಸ್ ಅಲ್ಲಿಂದ ಬಿಟ್ಟಾಗ ಹೇಳಿ ಅಂತ ಕಂಡಕ್ಟರ್‌ಗೆ ಹೇಳಿದರೆ ಕೆಲವರು ಫೋನ್ ಮಾಡುತ್ತಾರೆ. ಗಾಡಿ ಎಲ್ಲಿದೆ ಅಂತ ತೋರಿಸುವ ಲಿಂಕ್ ಬಂದರೆ ಅದರಲ್ಲೂ ಗೊತ್ತಾಗುತ್ತದೆ. ವಯಸ್ಸಾದವರನ್ನು ರಸ್ತೆ ಬದಿಯಲ್ಲಿ ಒಂದು ಗಂಟೆ ನಿಲ್ಲಿಸುವುದು ತಪ್ಪುತ್ತದೆ.

ದೂರದೂರ_ಮಗಳು

ಆ ಫೋನ್ ಯಾರಿಗೆ ಬರುತ್ತದೆ? ಬುಕ್ ಮಾಡುವಾಗ ನನ್ನ ನಂಬರ್ ಕೊಟ್ಟಿದ್ದೇನೆ.

ಹಳೇ_ಕೌಂಟರ್

ನಿಮಗೇ ಬರುತ್ತದೆ ಮೇಡಂ. ಗಾಡಿ ನಂಬರ್ ಇರುವ ಮೆಸೇಜ್ ಕೂಡ ನಿಮಗೇ. ಕಂಡಕ್ಟರ್ ಸರ್ಕಲ್‌ನಲ್ಲಿ ನಿಂತು "ಎಲ್ಲಿದ್ದೀರಾ?" ಅಂತ ಕೇಳಿದಾಗ ನೀವು ಬೇರೆ ಊರಲ್ಲಿ ನಿದ್ದೆಯಿಂದ ಎದ್ದು "ಇರಿ, ಅಪ್ಪನಿಗೆ ಮಾಡುತ್ತೇನೆ" ಅನ್ನಬೇಕಾಗುತ್ತದೆ. ಅಷ್ಟರಲ್ಲಿ ಅವನು ಇನ್ನೊಬ್ಬರಿಗೆ ಡಯಲ್ ಮಾಡಿರುತ್ತಾನೆ. ಅಲ್ಲಿ ಬಸ್ ನಿಲ್ಲುವುದೇ ಎರಡು ಮೂರು ನಿಮಿಷ.

ಜೊತೆಗೆ ಹೋಗುವವರಲ್ಲಿ ಯಾರು ಫೋನ್ ಬೇಗ ಎತ್ತುತ್ತಾರೋ ಅವರ ನಂಬರ್ ಬರೆಸಿ. ಹುಡುಗನ ನಂಬರ್ ಒಳ್ಳೆಯದು. ಆಫೀಸಿನಲ್ಲಿ ಎರಡನೇ ನಂಬರ್ ಸೇರಿಸುತ್ತಾರೆ. ಹುಡುಗನಿಗೆ ಗೊತ್ತಿಲ್ಲದ ನಂಬರ್ ಬಂದರೂ ಎತ್ತು ಅಂತ ಹೇಳಿಡಿ. ಈಗಿನ ಫೋನ್‌ಗಳಲ್ಲಿ ಗೊತ್ತಿಲ್ಲದ ನಂಬರ್ ಸದ್ದು ಮಾಡದ ಹಾಗೆ ಇಟ್ಟಿರುತ್ತಾರೆ, ಆ ಒಂದು ರಾತ್ರಿ ಅದನ್ನು ತೆಗೆದಿಡಬೇಕು.

ಸಂಜೆ_ಪಯಣ

ನಂಬರ್ ವಿಷಯ ಬಂತು ಅಂತ ಹೇಳುತ್ತೇನೆ. ನಮ್ಮ ಪಕ್ಕದ ಮನೆಯವರು ಟ್ರಾವೆಲ್ಸ್ ಹೆಸರು ಹಾಕಿ ಗೂಗಲ್‌ನಲ್ಲಿ ಸಹಾಯವಾಣಿ ಹುಡುಕಿ ಫೋನ್ ಮಾಡಿದರು. ಎತ್ತಿದವನು ಮರ್ಯಾದೆಯಿಂದ ಮಾತಾಡಿ "ಬುಕಿಂಗ್ ಖಚಿತ ಆಗಿಲ್ಲ, ಒಂದು ಲಿಂಕ್ ಕಳಿಸುತ್ತೇನೆ, ಸಣ್ಣ ಮೊತ್ತ ಕಟ್ಟಿ" ಅಂದ. ಅವನು ಟ್ರಾವೆಲ್ಸ್‌ನವನೇ ಅಲ್ಲ. ಅದೃಷ್ಟಕ್ಕೆ ಅವರ ಮಗ ಪಕ್ಕದಲ್ಲಿದ್ದು ಫೋನ್ ಕಟ್ ಮಾಡಿಸಿದ.

ಹಳೇ_ಕೌಂಟರ್

ಇದು ಗಂಭೀರ ವಿಷಯ. ಟಿಕೆಟ್ ಮೇಲೆ ಇರುವ ನಂಬರ್‌ಗೆ ಅಥವಾ ಆ್ಯಪ್ ಒಳಗೆ ನಿಮ್ಮ ಬುಕಿಂಗ್ ಪುಟದಲ್ಲಿ ಕಾಣುವ ನಂಬರ್‌ಗೆ ಮಾತ್ರ ಮಾಡಿ. ಸೀಟು ಖಚಿತ ಮಾಡಲು ಆಫೀಸಿನವರಿಗೆ ಓಟಿಪಿ ಬೇಕಾಗಿಲ್ಲ, ಕಾರ್ಡ್ ನಂಬರ್ ಬೇಕಾಗಿಲ್ಲ, ನಿಮ್ಮ ಫೋನ್ ಪರದೆ ನೋಡಬೇಕಾಗಿಲ್ಲ. ಪಿಎನ್‌ಆರ್ ಮತ್ತು ಹೆಸರು ಸಾಕು. ಇನ್ನೊಂದು ಪರೀಕ್ಷೆ ಇದೆ: ಪಿಎನ್‌ಆರ್ ಮಾತ್ರ ಹೇಳಿ, "ಹೆಸರು, ಸೀಟು ನೀವೇ ಓದಿ" ಅನ್ನಿ. ಚಾರ್ಟ್ ಇರುವವನು ಓದುತ್ತಾನೆ. ಮೇಡಂ, ನಿಮಗೆ ಅವರೇ ಹೆಸರು ಓದಿದರು ಅಂದಿರಲ್ಲ, ಅದು ಸರಿಯಾದ ಆಫೀಸೇ.

ದೂರದೂರ_ಮಗಳು

ಸರಿ ಸರ್. ಈಗ ಲಗೇಜ್. ಮೂರು ಸೂಟ್‌ಕೇಸ್ ತಲಾ 15 ಕಿಲೋ ಇರಬಹುದು. ಪೆಟ್ಟಿಗೆ 10 ಕಿಲೋ. ಗಾಲಿಕುರ್ಚಿ ಬೇರೆ.

ನಿದ್ದೆಪ್ರಿಯ

ನಾಲ್ಕು ಟಿಕೆಟ್‌ಗೆ 55 ಕಿಲೋ. ಒಬ್ಬರಿಗೆ 15 ಕಿಲೋ ಬಿಟ್ಟರೂ 60 ಆಯಿತು. ಆರಾಮಾಗಿ ಹೋಗುತ್ತದೆ.

ಹಳೇ_ಕೌಂಟರ್

ತೂಕದ ಲೆಕ್ಕ ಸರಿ ಇದೆ. ಒಬ್ಬರಿಗೆ 15ರಿಂದ 20 ಕಿಲೋ ಅಂತ ತುಂಬಾ ಟ್ರಾವೆಲ್ಸ್‌ನವರು ಇಟ್ಟುಕೊಂಡಿರುತ್ತಾರೆ. ಇವರದ್ದು ಎಷ್ಟು ಅಂತ ಟಿಕೆಟ್‌ನ ನಿಯಮದಲ್ಲಿ ನೋಡಿ. ಆದರೆ ತಕರಾರು ಬರುವುದು ತೂಕಕ್ಕಲ್ಲ, ಜಾಗಕ್ಕೆ. ಬಸ್ ಡಿಕ್ಕಿಯಲ್ಲಿ ಪ್ರಯಾಣಿಕರ ಲಗೇಜ್ ಜೊತೆಗೆ ಪಾರ್ಸೆಲ್ ಕೂಡ ಹೋಗುತ್ತದೆ. ಪಾರ್ಸೆಲ್ ಎಲ್ಲ ಮೊದಲ ಪಾಯಿಂಟ್‌ಗಳಲ್ಲೇ ತುಂಬಿರುತ್ತಾರೆ. ನೀವು ಹತ್ತುವುದು ಅದಾಗಿ ಹೆಚ್ಚುಕಡಿಮೆ ಎರಡು ತಾಸು ಕಳೆದ ಮೇಲೆ. ಅಷ್ಟರಲ್ಲಿ ಗಾಲಿಕುರ್ಚಿ ನೆಟ್ಟಗೆ ನಿಲ್ಲುವಷ್ಟು ಜಾಗ ಉಳಿದಿರುತ್ತದೆ ಅನ್ನುವ ಭರವಸೆ ಇಲ್ಲ. ಒಳಗೆ ತೆಗೆದುಕೊಂಡು ಹೋಗೋಣ ಅಂದರೆ ಸ್ಲೀಪರ್‌ನಲ್ಲಿ ತಲೆ ಮೇಲೆ ಸಾಮಾನು ಇಡುವ ಜಾಗ ಇರಲ್ಲ, ಅಲ್ಲಿ ಮೇಲಿನ ಬರ್ತ್ ಇರುತ್ತದೆ. ನಡುವಿನ ದಾರಿಯಲ್ಲಿ ಇಡಲು ಬಿಡಲ್ಲ, ಬಿಡಲೂ ಬಾರದು. ಬೆಂಕಿ ಗಿಂಕಿ ಅಂದರೆ ಜನ ಓಡುವ ದಾರಿ ಅದು.

ಅದಕ್ಕೇ ಇವತ್ತಿನ ಫೋನ್‌ನಲ್ಲಿ ಗಾಲಿಕುರ್ಚಿಯ ಅಳತೆ ಹೇಳಿ. ಮಡಚಿದಾಗ ಎಷ್ಟು ಉದ್ದ, ಎಷ್ಟು ಎತ್ತರ, ಎಷ್ಟು ದಪ್ಪ ಅಂತ ಟೇಪ್ ಹಿಡಿದು ನೋಡಿಸಿ. "ನಮ್ಮ ಪಾಯಿಂಟ್‌ನಲ್ಲಿ ಡಿಕ್ಕಿಯಲ್ಲಿ ಇಷ್ಟು ಜಾಗ ಬಿಡಿಸಿ, ಚಾರ್ಟ್‌ನಲ್ಲಿ ನಮ್ಮ ಹೆಸರಿನ ಮುಂದೆ ಬರೆಯಿರಿ" ಅನ್ನಿ. ಲಗೇಜ್ ಹಾಕುವಾಗ ಗಾಲಿಕುರ್ಚಿ ಕೊನೆಗೆ ಹಾಕಿಸಿ, ಇಳಿಯುವಾಗ ಮೊದಲು ಸಿಗುತ್ತದೆ. ಟೋಕನ್ ಕೊಟ್ಟರೆ ಹುಡುಗನ ಕೈಯಲ್ಲಿರಲಿ. ಕೊಡದಿದ್ದರೆ ಡಿಕ್ಕಿಯಲ್ಲಿ ಇಟ್ಟ ಹಾಗೇ ಒಂದು ಫೋಟೋ ತೆಗೆಯಲಿ. ಔಷಧಿ, ಆಪರೇಷನ್ ಕಾಗದ, ಹಣ, ಒಡವೆ ಡಿಕ್ಕಿಗೆ ಹೋಗಬಾರದು.

ಕಿಟಕಿ_ಪಕ್ಕ

ಗಾಲಿಕುರ್ಚಿಗೆ ಲಗೇಜ್ ಚಾರ್ಜ್ ಕೇಳುತ್ತಾರಾ? ಕೇಳಬಾರದು ಅಲ್ವಾ?

ಹಳೇ_ಕೌಂಟರ್

ನಾನು ಕೂತ ಕೌಂಟರ್‌ನಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲ ಕಡೆ ಹಾಗೇ ಅಂತ ಹೇಳಲಾರೆ. ಫೋನ್‌ನಲ್ಲೇ ಕೇಳಿ, ಉತ್ತರ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಮಧ್ಯರಾತ್ರಿ ಡಿಕ್ಕಿ ಮುಂದೆ ನಿಂತು ವಾದ ಮಾಡಿದರೆ ಬಸ್ ನಿಮಗೋಸ್ಕರ ಕಾಯಲ್ಲ.

ದೂರದೂರ_ಮಗಳು

ಸರ್, ಎಲ್ಲ ಸೇರಿಸಿ ಒಂದು ಮೆಸೇಜ್ ಬರೆದಿದ್ದೇನೆ. ಆಫೀಸಿನ ವಾಟ್ಸಾಪ್ ನಂಬರ್ ಟಿಕೆಟ್ ಮೇಲೆ ಇದೆ, ಅದಕ್ಕೆ ಕಳಿಸುತ್ತೇನೆ. ನೋಡಿ ಹೇಳಿ.

> ನಮಸ್ಕಾರ. ಶುಕ್ರವಾರ ರಾತ್ರಿ 10:15ಕ್ಕೆ ಮೊದಲ ಪಾಯಿಂಟ್ ಬಿಡುವ ಸ್ಲೀಪರ್ ಬಸ್. ಪಿಎನ್‌ಆರ್ (ಇಲ್ಲಿ ಹಾಕುತ್ತೇನೆ). ನಾಲ್ಕು ಜನ, ಸೀಟು L5, L6, L7, U7. ಹತ್ತುವುದು ಸರ್ಕಲ್ ಪಾಯಿಂಟ್‌ನಲ್ಲಿ, ರಾತ್ರಿ 12:10. ಒಬ್ಬರಿಗೆ ನಡೆಯಲು ಕಷ್ಟ. ಲಗೇಜ್: ಮೂರು ಸೂಟ್‌ಕೇಸ್, ಒಂದು ಪೆಟ್ಟಿಗೆ, ಮಡಚುವ ಗಾಲಿಕುರ್ಚಿ. ಬಸ್ ಬರುವಾಗ ಈ ನಂಬರ್‌ಗೆ ಫೋನ್ ಮಾಡಿ (ಹುಡುಗನ ನಂಬರ್). ದಯವಿಟ್ಟು ಖಚಿತ ಮಾಡಿ.

ಹಳೇ_ಕೌಂಟರ್

ಚೆನ್ನಾಗಿದೆ. ಮೂರು ಕಡೆ ತಿದ್ದಿ. ಸೀಟು ನಂಬರ್ ಜೊತೆ "L7 ಕೆಳಗಿನ ಒಂಟಿ ಬರ್ತ್, L5 L6 ಕೆಳಗಿನ ಜೋಡಿ ಅಂತ ಬುಕ್ ಮಾಡಿದ್ದೇವೆ" ಅಂತ ಸೇರಿಸಿ. ಗಾಡಿ ಬದಲಾದರೆ ನೀವು ಹಣ ಕೊಟ್ಟದ್ದು ಯಾವುದಕ್ಕೆ ಅನ್ನುವುದು ಬರಹದಲ್ಲಿ ಇರುತ್ತದೆ. "ಸರ್ಕಲ್ ಪಾಯಿಂಟ್" ತೆಗೆದು, ಅವರು ಹೇಳಿದ ಗುರುತು ಮತ್ತು ಬಸ್ ಹೋಗುವ ದಿಕ್ಕು ಹಾಕಿ. ಕೊನೆಯ ಸಾಲು "ದಯವಿಟ್ಟು ಖಚಿತ ಮಾಡಿ" ಅಂದರೆ ಅವರು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ. ಅದರ ಬದಲು "ಪಾಯಿಂಟ್‌ನ ಗುರುತು ಮತ್ತು ಗಾಲಿಕುರ್ಚಿಗೆ ಜಾಗ, ಎರಡಕ್ಕೂ ಉತ್ತರ ಬರೆಯಿರಿ" ಅನ್ನಿ. ಬರೆಯಬೇಕಾದರೆ ಚಾರ್ಟ್ ತೆಗೆದು ನೋಡಲೇಬೇಕು.

ಎರಡನೇ_ಗೇರ್

ಈಗ ನನ್ನ ಸರದಿ ಅಕ್ಕ, ಕ್ಯಾಬ್ ಯಾವ ಗಾಡಿ ಹೇಳಿದ್ದೀರಾ?

ದೂರದೂರ_ಮಗಳು

ನಾಲ್ಕು ಜನ ಅಂತ ಹೇಳಿದ್ದೇನೆ ಅಣ್ಣಾ. ಸೆಡಾನ್ ಕಳಿಸುತ್ತೇವೆ ಅಂದರು.

ಎರಡನೇ_ಗೇರ್

ಸೀಟು ಸರಿಹೋಗುತ್ತದೆ, ಲಗೇಜ್ ಆಗಲ್ಲ. ಟ್ಯಾಕ್ಸಿ ಸೆಡಾನ್ ತುಂಬಾ ಕಡೆ ಗ್ಯಾಸ್ ಗಾಡಿ. ಹಿಂದಿನ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ. ಉಳಿದ ಜಾಗದಲ್ಲಿ ಒಂದೆರಡು ಬ್ಯಾಗ್ ಹಿಡಿಸಿದರೆ ಹೆಚ್ಚು. ಗಾಲಿಕುರ್ಚಿ ಅಂತೂ ಇಲ್ಲವೇ ಇಲ್ಲ. ಏಳು ಸೀಟಿನ ಗಾಡಿ ಹೇಳಿ. ಅದರಲ್ಲೂ "ಹಿಂದಿನ ಸಾಲು ಮಡಚಿ ಕಳಿಸಿ" ಅಂತ ಹೇಳಿ. ಹಿಂದಿನ ಸಾಲು ಮಡಚದೇ ಬಿಟ್ಟರೆ ದೊಡ್ಡ ಗಾಡಿಯಲ್ಲೂ ಲಗೇಜ್‌ಗೆ ಅಂಗೈಯಗಲ ಜಾಗ ಮಾತ್ರ ಉಳಿಯುತ್ತದೆ. ನಿಮ್ಮವರು ನಾಲ್ಕು ಜನ, ಮಧ್ಯದ ಸಾಲಲ್ಲಿ ಮೂವರು, ಮುಂದೆ ಒಬ್ಬರು. ಸಾಕಾಗುತ್ತದೆ. ಮೇಲೆ ಕ್ಯಾರಿಯರ್ ಬೇಕು ಅಂದರೂ ಮುಂಚೆಯೇ ಹೇಳಬೇಕು, ಎಲ್ಲ ಗಾಡಿಗೂ ಇರಲ್ಲ.

ಇನ್ನೊಂದು, ಬಸ್ ತಡ ಆದರೆ ಕ್ಯಾಬ್ ಎಷ್ಟು ಹೊತ್ತು ಕಾಯುತ್ತದೆ ಅಂತ ಕೇಳಿ. ಬಸ್ಸಿನ ಗಾಡಿ ನಂಬರ್ ಬಂದ ತಕ್ಷಣ ಕ್ಯಾಬ್ ಡ್ರೈವರ್‌ಗೂ ಕಳಿಸಿ. ನಮಗೆ ಬಸ್ ನಂಬರ್ ಗೊತ್ತಿದ್ದರೆ ಬಸ್ ನಿಲ್ಲುವ ಜಾಗಕ್ಕೇ ಗಾಡಿ ತಂದು ನಿಲ್ಲಿಸುತ್ತೇವೆ. ಇಲ್ಲದಿದ್ದರೆ ಮ್ಯಾಪ್ ತೋರಿಸಿದ ಕಡೆ ನಿಂತು ಫೋನ್ ಮಾಡುತ್ತಿರುತ್ತೇವೆ.

ದೂರದೂರ_ಮಗಳು

ಆಫೀಸಿನಿಂದ ಉತ್ತರ ಬಂತು, ಎಲ್ಲರಿಗೂ ಹೇಳುತ್ತೇನೆ. ತಿದ್ದಿದ ಮೆಸೇಜ್ ಕಳಿಸಿ, ಅರ್ಧ ಗಂಟೆ ಆದ ಮೇಲೆ ಫೋನ್ ಮಾಡಿದೆ. ಬಸ್ಸೇ ಬರುತ್ತದೆ, ವ್ಯಾನ್ ಅಲ್ಲ. ಫ್ಲೈಓವರ್ ಕೆಳಗೆ ಇಳಿಯುತ್ತದೆ. ಸರ್ಕಲ್ ದಾಟಿದ ಮೇಲೆ ಪೆಟ್ರೋಲ್ ಬಂಕ್ ಹತ್ತಿರ ನಿಲ್ಲುತ್ತದೆ. ಅಪ್ಪ ಹೇಳುತ್ತಿದ್ದ ಬಸ್ ಸ್ಟಾಪ್ ರಸ್ತೆಯ ಆ ಕಡೆ ಇದೆ! ಹುಡುಗನ ನಂಬರ್ ಸೇರಿಸಿದರು. ಗಾಲಿಕುರ್ಚಿಗೆ ಚಾರ್ಜ್ ಇಲ್ಲ ಅಂತ ಮೆಸೇಜ್‌ನಲ್ಲೇ ಬರೆದರು. ಕ್ಯಾಬ್ ಏಳು ಸೀಟಿನದು ಮಾಡಿಸಿದೆ.

ಒಂದಕ್ಕೆ ಮಾತ್ರ ಸರಿಯಾದ ಉತ್ತರ ಸಿಗಲಿಲ್ಲ. ಗಾಡಿ ಬದಲಾಗಿ ಬರ್ತ್ ನಮಗೆ ಸರಿಹೋಗದಿದ್ದರೆ ಹಣ ವಾಪಸ್ ಕೊಡುತ್ತೀರಾ ಅಂದರೆ "ಅದು ಆ್ಯಪ್‌ನವರನ್ನು ಕೇಳಿ" ಅನ್ನುತ್ತಾರೆ. ಆ್ಯಪ್‌ನವರು "ಬಸ್ ನಮ್ಮದಲ್ಲ" ಅನ್ನುತ್ತಾರೆ.

ನಿದ್ದೆಪ್ರಿಯ

ಆ್ಯಪ್‌ನವರೇ ಕೊಡಬೇಕು. ಹಣ ತೆಗೆದುಕೊಂಡವರು ಅವರು.

ಹಳೇ_ಕೌಂಟರ್

ಅಷ್ಟು ಸುಲಭ ಅಲ್ಲ. ಬಸ್ ರದ್ದಾದರೆ ಪೂರ್ತಿ ಹಣ ಬರುತ್ತದೆ, ಅದರಲ್ಲಿ ಗೊಂದಲ ಕಡಿಮೆ. ಬರ್ತ್ ಜಾಗ ಮಾತ್ರ ಬದಲಾದಾಗ ಕೊಟ್ಟವರನ್ನೂ ನೋಡಿದ್ದೇನೆ, ಕೊಡದವರನ್ನೂ ನೋಡಿದ್ದೇನೆ. ಹತ್ತುವ ಮುಂಚೆ ದೂರು ಹಾಕಿದವರಿಗೆ ಸ್ವಲ್ಪ ಬಲ ಇರುತ್ತದೆ. ಹತ್ತಿ ಪ್ರಯಾಣ ಮುಗಿಸಿದ ಮೇಲೆ ಕೇಳಿದರೆ "ನೀವು ಒಪ್ಪಿಯೇ ಹೋದಿರಲ್ಲ" ಅಂತಾರೆ. ಬುಕ್ ಮಾಡುವಾಗ ಕಂಡ ಸೀಟಿನ ಚಿತ್ರ ಆ್ಯಪ್‌ನಲ್ಲಿ ಇನ್ನೂ ಕಾಣುತ್ತಿದ್ದರೆ ಈಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಬಸ್ ಹೊರಟ ಮೇಲೆ ಅದು ಸಿಗಲ್ಲ.

ದೂರದೂರ_ಮಗಳು

ತೆಗೆದೆ ಸರ್, ಇನ್ನೂ ಕಾಣುತ್ತಿದೆ. ನಾಳೆ ಸಂಜೆ 8 ಗಂಟೆ ಹೊತ್ತಿಗೆ ಮತ್ತೆ ಫೋನ್ ಮಾಡಿ ಬರ್ತ್ ಎಲ್ಲಿದೆ ಅಂತ ಕೇಳಿ ಇಲ್ಲಿ ಹಾಕುತ್ತೇನೆ.

ಸಂಜೆ_ಪಯಣ

ಹಾಕಿ ಅಕ್ಕ. ಬರುವ ವಾರ ನಮ್ಮದೂ ರಾತ್ರಿ 12:30ರ ಪಿಕಪ್ ಇದೆ, ನಾನು ಈಗ ಹೋಗಿ ಪಿಎನ್‌ಆರ್ ಹುಡುಕುತ್ತೇನೆ.